ನಾಳೆ ಬರಂಗಿಲ್ಲ: ಯಾರು?

ಬಳ್ಳಾರಿ ಬಸ್ ನಿಲ್ದಾಣದಲ್ಲಿ ಇಳಿದ ಹುಡುಗನೊಬ್ಬ ಕೊಪ್ಪಳದ ಕಡೆಯ ಹಳ್ಳಿಯಲ್ಲಿರುವ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಾನೆ ಅಂದುಕೊಳ್ಳಿ. ಮಾತು ಹೆಚ್ಚುಕಮ್ಮಿ ಹೀಗೇ ಇರುತ್ತದೆ.

"ಮುಟ್ಟಿದಿ ಏನಪಾ?"
"ಈಗ ಮುಟ್ಟಿದೆ, ಅವ್ವ."
"ಉಂಡಿ ಏನು?"
"ಇನ್ನ ಇಲ್ಲ. ಉಣ್ತೀನಿ."
"ಮಾಮ ಬಂದಾನ?"
"ಬಂದಾನ. ಗಾಡಿ ತಂದಾನ."
"ಕವರ್ ಕೊಟ್ಟಿ ಏನು?"
"ಕೊಟ್ಟೆ."
"ನಾಳೆ ಬರ್ತಿ ಏನು?"
"ನಾಳೆ ಬರಂಗಿಲ್ಲ. ನಾಡಿದ್ದು ಬರ್ತೀನಿ."

ಇಷ್ಟು ಮಾತಿನಲ್ಲಿ ಒಂದು "ನಾನು" ಇಲ್ಲ, ಒಂದು "ನೀನು" ಇಲ್ಲ, "ಅವನು" ಅಂತೂ ಇಲ್ಲವೇ ಇಲ್ಲ. ಮಾಮನ ಹೆಸರು ಒಂದು ಸಲ ಬಂದದ್ದೇ ಕೊನೆ. ಇದನ್ನೇ ಇಂಗ್ಲಿಷಿಗೆ ತಿರುಗಿಸಲು ಕೂತರೆ ಕರ್ತೃವಿನ ಜಾಗಕ್ಕೇ 11 ಸರ್ವನಾಮ ಬೇಕು: ಐದು "ಐ", ನಾಲ್ಕು "ಯೂ", ಎರಡು "ಹೀ". "ಕೊಟ್ಟೆ" ಅನ್ನುವ ಒಂದು ಪದಕ್ಕೆ "ಐ ಗೇವ್ ಇಟ್ ಟು ಹಿಮ್" ಅನ್ನಬೇಕಾಗುವುದರಿಂದ ಇನ್ನೂ ಎರಡು. ಒಟ್ಟು 13.

ಹೀಗೇಕೆ ಎಂದು ಕೇಳಿದರೆ ವ್ಯಾಕರಣ ಗೊತ್ತಿದ್ದವರು ಕೊಡುವ ಉತ್ತರ ಒಂದೇ: ಆಖ್ಯಾತ ಪ್ರತ್ಯಯ. ಯಾರು ಅನ್ನುವುದನ್ನು ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಕಟ್ಟಿಕೊಂಡಿರುತ್ತದೆ. ಮುಟ್ಟಿದೆ ಅಂದರೆ ನಾನು, ಮುಟ್ಟಿದಿ ಅಂದರೆ ನೀನು. ಈ ವಿಷಯದಲ್ಲಿ ನಮ್ಮ ಸೀಮೆಯ ಮಾತು ಮೈಸೂರು ಕಡೆಯ ಮಾತಿಗಿಂತ ಒಂದು ಕೈ ಮೇಲು. ಅಲ್ಲಿ ಆಡುವಾಗ "ನಾನು ಬಂದೆ", "ನೀನು ಬಂದೆ" ಎರಡಕ್ಕೂ ಒಂದೇ ಬಾಲ ಬೀಳುವುದುಂಟು. ಇಲ್ಲಿ ಆ "ಎ"ಗೂ "ಇ"ಗೂ ಇರುವ ವ್ಯತ್ಯಾಸ ಗಟ್ಟಿಯಾಗಿ ಉಳಿದಿದೆ.

ಸ್ಪ್ಯಾನಿಷ್‌ನಲ್ಲೂ ಹೀಗೆಯೇ. "ಬಂದೆ" ಅನ್ನಲು "ಬಿನೆ", "ಬಂದಿ" ಅನ್ನಲು "ಬಿನಿಸ್ತೆ", "ಬಂದ" ಅನ್ನಲು "ಬಿನೊ", "ಬಂದ್ವಿ" ಅನ್ನಲು "ಬಿನಿಮೊಸ್". "ಬಿನೊ" ಅಂದಾಗ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ನಮ್ಮ ಬಂದಾನ, ಬಂದಾಳ, ಬಂದೈತಿ ಅದನ್ನೂ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಇರುವುದು ಒಂದೇ "ಕೇಮ್". ನಾನು ಬಂದರೂ ಕೇಮ್, ಊರೇ ಎದ್ದು ಬಂದರೂ ಕೇಮ್. ಬಾಲವಿಲ್ಲದ ಎತ್ತು ನೊಣ ಓಡಿಸಲು ಬೇರೆಯವರನ್ನು ಕರೆಯಬೇಕಾದ ಹಾಗೆ, ಈ ಕ್ರಿಯಾಪದಕ್ಕೆ ಪ್ರತಿ ಸಲ ಒಂದು ಸರ್ವನಾಮ ಜೊತೆಗೆ ಬೇಕು.

ವಿವರಣೆ ಚಂದವಾಗಿದೆ. ತರಗತಿಯಲ್ಲಿ ಇಲ್ಲಿಗೇ ಗಂಟೆ ಹೊಡೆಯುತ್ತದೆ. ಆದರೆ ಮೇಲಿನ ಮಾತುಕತೆಯ ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ: "ನಾಳೆ ಬರಂಗಿಲ್ಲ." ಇದರ ಬಾಲ ಎಲ್ಲಿ?

ಇಲ್ಲ. ನಾ ಬರಂಗಿಲ್ಲ, ನೀ ಬರಂಗಿಲ್ಲ, ಅಕ್ಕ ಬರಂಗಿಲ್ಲ, ಮಳೆ ಬರಂಗಿಲ್ಲ, ಎಲ್ಲಕ್ಕೂ ಅದೇ ರೂಪ. ಬರಲಿಲ್ಲ, ಬಂದಿಲ್ಲ, ಬೇಡ, ಗೊತ್ತಿಲ್ಲ, ಇವೂ ಹಾಗೆಯೇ. ಇಂಗ್ಲಿಷಿನ "ಕೇಮ್" ಎಷ್ಟು ಬೋಳೋ ನಮ್ಮ ನಿಷೇಧವೂ ಅಷ್ಟೇ ಬೋಳು. ಬಾಲ ಇದ್ದದ್ದಕ್ಕೇ ಸರ್ವನಾಮ ಬಿಡುತ್ತೇವೆ ಅನ್ನುವುದು ಪೂರ್ತಿ ನಿಜವಾಗಿದ್ದರೆ, "ಇಲ್ಲ" ಬಂದಲ್ಲೆಲ್ಲ ನಾವು "ನಾನು", "ಅವನು" ಎಂದು ಸೇರಿಸಿಕೊಳ್ಳಬೇಕಿತ್ತು. ಸೇರಿಸುವುದಿಲ್ಲ. ಸ್ಪ್ಯಾನಿಷ್‌ನವರಿಗೆ ಈ ತೊಡಕೇ ಇಲ್ಲ. ಅಲ್ಲಿ ಬಾಲ ಹಾಗೆಯೇ ಉಳಿದು ಮುಂದೆ "ನೊ" ಒಂದು ಬರುತ್ತದೆ ಅಷ್ಟೇ. "ಬೆಂಗೊ" ಅಂದರೆ ಬರ್ತೀನಿ, "ನೊ ಬೆಂಗೊ" ಅಂದರೆ ನಾನು ಬರುವುದಿಲ್ಲ.

ಕನ್ನಡಕ್ಕೂ ಒಂದು ಕಾಲಕ್ಕೆ ನಿಷೇಧದಲ್ಲಿ ಬಾಲವಿತ್ತು. ಶಾಲೆಯ ವ್ಯಾಕರಣದಲ್ಲಿ ನಿಷೇಧಾರ್ಥಕ ರೂಪ ಎಂದು ಬಾಯಿಪಾಠ ಮಾಡಿಸುತ್ತಾರಲ್ಲ, ಬಾರೆನು, ಬಾರನು, ಬಾರಳು, ಬಾರರು, ಅದೇ. ಈಗ ಅದನ್ನು ಆಡುಮಾತಿನಲ್ಲಿ ಬಳಸಿದರೆ ಬಯಲಾಟದ ವೇಷ ಕಟ್ಟಿಕೊಂಡು ಸಂತೆಗೆ ಹೋದ ಹಾಗೆ. ತಮಾಷೆಯೆಂದರೆ ಬಳ್ಳಾರಿಯಲ್ಲಿ ಪಕ್ಕದ ಮನೆಯ ತೆಲುಗು ಇದನ್ನು ಇನ್ನೂ ಜೋಪಾನ ಮಾಡಿದೆ. "ರಾನು" ಅಂದರೆ ನಾನು ಬರುವುದಿಲ್ಲ, "ರಾಡು" ಅಂದರೆ ಅವನು ಬರುವುದಿಲ್ಲ, "ರಾಮು" ಅಂದರೆ ನಾವು ಬರುವುದಿಲ್ಲ. ಬರಲಿಲ್ಲ ಅನ್ನುವಾಗ ಮಾತ್ರ ತೆಲುಗೂ ಕೈಚೆಲ್ಲಿ ಎಲ್ಲರಿಗೂ "ರಾಲೇದು" ಅನ್ನುತ್ತದೆ. ಒಂದೇ ಓಣಿಯಲ್ಲಿ ಎರಡು ಭಾಷೆ, ಒಂದು ಬಾಲ ಇಟ್ಟುಕೊಂಡಿದೆ, ಇನ್ನೊಂದು ಉದುರಿಸಿದೆ. ಸರ್ವನಾಮ ಬಿಡುವುದರಲ್ಲಿ ಮಾತ್ರ ಎರಡೂ ಒಂದೇ.

ಹಾಗಾದರೆ ಬರೀ "ಬರಂಗಿಲ್ಲ" ಅಂದಾಗ ಯಾರು ಅಂತ ಅವ್ವನಿಗೆ ತಿಳಿಯುವುದು ಹೇಗೆ? ಮೊದಲನೆಯದು, ಹಿಂದಿನ ಮಾತು. "ಅಕ್ಕ ಬರ್ತಾಳೇನು?" ಎಂದು ಕೇಳಿದ್ದಕ್ಕೆ "ಬರಂಗಿಲ್ಲ" ಅಂದರೆ ಅದು ಅಕ್ಕ. ಹಿಂದೆ ಯಾರ ಮಾತೂ ಬಂದಿಲ್ಲದೆ, ಫೋನ್ ಎತ್ತಿದ ಕೂಡಲೇ "ನಾಳೆ ಬರಂಗಿಲ್ಲ" ಅಂದರೆ ಹೇಳುವವನೇ ಬರುವುದಿಲ್ಲ ಎಂದು ಲೆಕ್ಕ. ಅದನ್ನೇ ಏರಿದ ದನಿಯಲ್ಲಿ "ನಾಳೆ ಬರಂಗಿಲ್ಲೇನು?" ಅಂದರೆ ಕೇಳಿಸಿಕೊಳ್ಳುವವನ ಸುದ್ದಿ. ಹೇಳಿಕೆಗೆ ನಾನು, ಪ್ರಶ್ನೆಗೆ ನೀನು. ಇನ್ನೊಂದು ಜಾಣ ಉಪಾಯವೂ ಇದೆ: "ಬರಂಗಿಲ್ಲಂತ." ಈ "ಅಂತ" ಬಿದ್ದ ಕ್ಷಣ ಹೇಳುವವನು ಆಟದಿಂದ ಹೊರಗೆ. ತನ್ನ ಬರುವಿಕೆಯನ್ನು ಯಾರೂ ಇನ್ನೊಬ್ಬರಿಂದ ಕೇಳಿ ತಿಳಿದುಕೊಳ್ಳುವುದಿಲ್ಲವಲ್ಲ! ಬಾಲ ಮಾಡುತ್ತಿದ್ದ ಕೆಲಸವನ್ನು ದನಿ, ಹಿಂದಿನ ಮಾತು ಮತ್ತು ಈ "ಅಂತ" ಹಂಚಿಕೊಂಡಿವೆ. ಎಡವಟ್ಟಾಗುವುದು ಇಬ್ಬರ ಮಾತು ಒಟ್ಟಿಗೆ ನಡೆದಿದ್ದಾಗ. "ಮಾಮ, ಅತ್ತಿ ಏನಂದ್ರು?" ಎಂಬುದಕ್ಕೆ ಬರೀ "ಬರಂಗಿಲ್ಲಂತ" ಅಂದರೆ, ಯಾರು ಎಂದು ಅವ್ವ ಮತ್ತೆ ಕೇಳಲೇಬೇಕು.

ಅಂದಮೇಲೆ ಕನ್ನಡವನ್ನೂ ಸ್ಪ್ಯಾನಿಷನ್ನೂ ಒಂದೇ ಗುಂಪಿಗೆ ಹಾಕುವುದು ಅರ್ಧ ಸರಿ. ಪರೀಕ್ಷೆ ಮಾಡಲು "ಕೊಟ್ಟೆ" ಸಾಕು. ಕವರ್ ಕೊಟ್ಟಿ ಏನು ಎಂದು ಅವ್ವ ಕೇಳಿದಳು. ಯಾರಿಗೆ ಅಂತ ಅವಳೂ ಹೇಳಲಿಲ್ಲ. ಹುಡುಗ "ಕೊಟ್ಟೆ" ಅಂದ. ಕೊಟ್ಟವನು ಬಾಲದಲ್ಲಿದ್ದಾನೆ, ಸರಿ. ಆದರೆ ಕೊಟ್ಟದ್ದೇನು, ಯಾರಿಗೆ, ಎರಡೂ ಮಾಯ. ಅವನ್ನು ಹೇಳುವ ಬಾಲ ಕನ್ನಡದಲ್ಲಿ ಯಾವತ್ತೂ ಇರಲಿಲ್ಲ. ಸ್ಪ್ಯಾನಿಷ್‌ನವನು ಇಷ್ಟಕ್ಕೆ ಬಿಡುವಂತಿಲ್ಲ. "ಸೆ ಲೊ ದಿ" ಅನ್ನಬೇಕು: ಸೆ ಎಂದರೆ ಅವನಿಗೆ, ಲೊ ಎಂದರೆ ಅದನ್ನು, ದಿ ಎಂದರೆ ಕೊಟ್ಟೆ. ನಾನು ಎಂಬುದನ್ನು ಮಾತ್ರ ಬಿಡಬಹುದು, ಉಳಿದೆರಡನ್ನು ನುಂಗುವ ಹಾಗಿಲ್ಲ. ಸ್ಪ್ಯಾನಿಷ್ ಬಾಲ ನೋಡಿ ಬಿಡುವ ಭಾಷೆ. ಕನ್ನಡ ಎದುರಿನವರಿಗೆ ಗೊತ್ತಿದ್ದದ್ದನ್ನೆಲ್ಲ ಬಿಡುವ ಭಾಷೆ. ಬಾಲ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಮಲಯಾಳಂ ಇದಕ್ಕೆ ಸಾಕ್ಷಿ. ಅಲ್ಲಿ ಯಾರೇ ಬಂದರೂ "ವನ್ನು" ಒಂದೇ, ಇಂಗ್ಲಿಷಿನ ಕೇಮ್‌ನಷ್ಟೇ ಬೋಳು, ಆದರೂ ಸರ್ವನಾಮ ಬಿಡಲು ಅವರಿಗೆ ಏನೂ ಅಡ್ಡಿಯಿಲ್ಲ.

ಇಂಗ್ಲಿಷಿನ ಕಷ್ಟವೂ ಬರೀ ಬಾಲ ಕಳೆದುಕೊಂಡದ್ದರಿಂದ ಬಂದದ್ದಲ್ಲ. ಜರ್ಮನ್‌ನಲ್ಲಿ ಬಾಲ ಸಾಕಷ್ಟು ಉಳಿದಿದೆ, ಆದರೂ ಅಲ್ಲಿ ಸರ್ವನಾಮ ಇಡಲೇಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದಿನ ಕುರ್ಚಿ ಕರ್ತೃವಿಗೇ ಮೀಸಲು, ಅದು ಖಾಲಿ ಇರಬಾರದು. ಕೂರಲು ಯಾರೂ ಸಿಗದಿದ್ದರೆ ಗೊಂಬೆಯನ್ನಾದರೂ ಕೂರಿಸಬೇಕು. "ಇಟ್ ಈಸ್ ರೈನಿಂಗ್" ಅನ್ನುವಾಗಿನ "ಇಟ್" ಅಂಥದ್ದೇ ಗೊಂಬೆ. ಯಾವುದು ಸುರಿಯುತ್ತಿದೆ ಎಂದು ಕೇಳಿದರೆ ಉತ್ತರವಿಲ್ಲ. ಸ್ಪ್ಯಾನಿಷ್‌ನವರು ಮಳೆ ಬಂದರೆ "ಯ್ವೆವೆ" ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ಅವರು ಇಂಗ್ಲಿಷ್ ಕಲಿಯುವಾಗ ಬರೀ "ಈಸ್ ರೈನಿಂಗ್" ಎಂದು ಬರೆಯುವುದು ಇದೇ ರೂಢಿಯಿಂದ. ನಾವು ಮಳೆಯನ್ನೇ ಕರ್ತೃ ಮಾಡಿ "ಮಳಿ ಬಂತು" ಅನ್ನುತ್ತೇವೆ, ಆದ್ದರಿಂದ ಈ ತಪ್ಪು ನಮ್ಮಲ್ಲಿ ಕಡಿಮೆ. ಲೋಕದ ಲೆಕ್ಕದಲ್ಲಿ ಇಂಥ ಕಾಯಂ ಕುರ್ಚಿಯೇ ಅಪರೂಪ. ಭಾಷೆಗಳ ರಚನೆಯನ್ನು ನಕ್ಷೆಯಲ್ಲಿ ಗುರುತಿಸುವ ಒಂದು ದೊಡ್ಡ ಕೋಶದಲ್ಲಿ ಈ ವಿಷಯಕ್ಕೆ ತೆಗೆದುಕೊಂಡ 711 ಭಾಷೆಗಳಲ್ಲಿ ಸರ್ವನಾಮ ಕಡ್ಡಾಯವಾಗಿರುವವು 82 ಮಾತ್ರ.

ನಮ್ಮ ತಪ್ಪು ಬೇರೆ ಕಡೆ ಆಗುತ್ತದೆ. ಆಫೀಸಿಗೆ ರಜೆ ಹೇಳುವಾಗ ಇಂಗ್ಲಿಷಿನವರೂ ಮೆಸೇಜಿನಲ್ಲಿ "ವಿಲ್ ಕಮ್ ಟುಮಾರೋ" ಎಂದು ಬರೆಯುತ್ತಾರೆ. ವಾಕ್ಯದ ಮೊದಲಲ್ಲಿ, ಡೈರಿ ಮತ್ತು ಮೆಸೇಜಿನ ಧಾಟಿಯಲ್ಲಿ ಅಷ್ಟು ವಿನಾಯಿತಿ ಇದೆ. ಅದೇ ಧೈರ್ಯದಲ್ಲಿ "ನಾಳೆ ಬರ್ತೀನಿ" ಎಂಬುದನ್ನು ಪದಗಳ ಅದೇ ಕ್ರಮದಲ್ಲಿ "ಟುಮಾರೋ ವಿಲ್ ಕಮ್" ಎಂದು ಬರೆದರೆ, ಖಾಲಿ ಕುರ್ಚಿಗೆ ಟುಮಾರೋ ಏರಿ ಕೂರುತ್ತದೆ. ನಾಳೆ ಎಂಬುದು ಬರುತ್ತದೆ ಎಂದು ಅರ್ಥ. ರಜೆ ಕೇಳಿದವನು ವೇದಾಂತಿಯಾಗುತ್ತಾನೆ.

ಇನ್ನೂ ಕೆಟ್ಟದ್ದು, ಬಾಲವನ್ನು ನಂಬಿ ಸರ್ವನಾಮ ಸೇರಿಸುವುದು. "ಮಾಮ ಬರ್ತೀನಿ ಅಂದಾನ" ಅನ್ನುವಲ್ಲಿ "ನಿ" ಇದ್ದರೂ ಬರುವವನು ಮಾಮ, ಹೇಳುವವನಲ್ಲ. ಮಾಮನ ಬಾಯಿಂದ ಬಂದ ಬಾಲವನ್ನು ನಾವು ಹಾಗೇ ಎತ್ತಿ ಇಟ್ಟಿದ್ದೇವೆ. ಅದನ್ನು "ಅಂಕಲ್ ಟೋಲ್ಡ್ ಐ ವಿಲ್ ಕಮ್" ಎಂದು ಮಾಡಿದರೆ ಮಾಮ ಮನೆಯಲ್ಲೇ ಉಳಿದು ಬರೆದವನು ಹೊರಡಬೇಕಾಗುತ್ತದೆ. ಇಲ್ಲಿ "ಹೀ" ಬೇಕು.

ತಿರುಗಾ ದಿಕ್ಕಿನ ತಪ್ಪು ಅನುವಾದಗಳಲ್ಲಿ ಕಾಣುತ್ತದೆ. "ಅವನು ಎದ್ದನು. ಅವನು ಬಾಗಿಲು ತೆಗೆದನು. ಅವನು ಹೊರಗೆ ನೋಡಿದನು." ಓದುವವನಿಗೆ ಮೂರು ಜನ ಬಂದ ಹಾಗೆ ಅನ್ನಿಸುತ್ತದೆ. ಏಕೆಂದರೆ ಬಿಡಬಹುದಾದದ್ದನ್ನು ಬಿಡದೆ ಇಟ್ಟರೆ, ಇಟ್ಟದ್ದಕ್ಕೆ ಏನೋ ಕಾರಣ ಇರಲೇಬೇಕು ಎಂದು ಕನ್ನಡದ ಕಿವಿ ಹುಡುಕುತ್ತದೆ. "ಎದ್ದ, ಬಾಗಿಲು ತೆಗೆದ, ಹೊರಗೆ ನೋಡಿದ" ಎಂದರೆ ಒಬ್ಬನೇ. ಸ್ಪ್ಯಾನಿಷ್ ಕಲಿಯುವ ಇಂಗ್ಲಿಷಿನವರು ಸಾಲುಸಾಲಿಗೂ "ಯೊ", "ಯೊ" ಎಂದು ನಾನು ಹಾಕಿದಾಗ ಅಲ್ಲಿನವರಿಗೂ ಹೀಗೆಯೇ ಕಿವಿ ಕಿರಿಕಿರಿ.

ಕನ್ನಡದಲ್ಲಿ "ನಾ" ಬಾಯಿಗೆ ಬರುವುದು ಬೇರೆಯವರಿಂದ ತನ್ನನ್ನು ಬೇರ್ಪಡಿಸಬೇಕಾದಾಗ. ಮಾಮನ ಗಾಡಿಯಲ್ಲಿ ಒಬ್ಬರಿಗೇ ಜಾಗ ಇದೆ, ಯಾರು ಬರ್ತೀರಿ ಎಂದು ಕೇಳಿದಾಗ ಬರೀ "ಬರ್ತೀನಿ" ಅಂದರೆ ಸಾಲದು. ಯಾರು ಎಂಬ ಪ್ರಶ್ನೆಗೆ ಬಾಲ ಉತ್ತರವಾಗುವುದಿಲ್ಲ. ಅಲ್ಲಿ "ನಾ ಬರ್ತೀನಿ" ಅನ್ನಲೇಬೇಕು, ಅದೂ "ನಾ" ಮೇಲೆ ಒತ್ತು ಕೊಟ್ಟು. ಅಷ್ಟರಲ್ಲಿ ಇನ್ನೊಬ್ಬ ಹತ್ತಿ ಕೂತಿದ್ದರೆ, "ನಾ ಬರಂಗಿಲ್ಲ ಬಿಡ್ರಿ."