ಟಿಕೆಟ್ ಓದುವ ಮೂರನೆಯವರು

ರಿವ್ಯೂ ಮಾಡುವವರಿಗೆಲ್ಲ ಕನ್ನಡವೂ ಬರುತ್ತದೆ, ಇಂಗ್ಲಿಷೂ ಬರುತ್ತದೆ ಎಂದು ಗೊತ್ತಾದರೆ ಸಾಕು, ಸಾಫ್ಟ್‌ವೇರ್ ದೋಷ ತಿಳಿಸುವ ಟಿಕೆಟ್ ಬರೆಯುವವರಿಗೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಬಾಯಿಗೆ ಬಂದದ್ದೇ ಕೈಗೂ ಬರುತ್ತದೆ: “ಪಾಸ್ವರ್ಡ್ ರೀಸೆಟ್ ಆಗ್ತಿಲ್ಲ, ಸ್ವಲ್ಪ ನೋಡಿ, ಅರ್ಜೆಂಟ್.” ರಿವ್ಯೂ ಮಾಡುವವರು ಇದನ್ನು ಓದಿ ತಲೆಯಾಡಿಸಬಲ್ಲರು. ತೊಂದರೆ ಇರುವುದು ಮೂರನೇ ಓದುಗರ ಹತ್ತಿರ. ಹುಡುಕುವ ಪೆಟ್ಟಿಗೆ, ತಾನಾಗಿ ಲಿಂಕ್ ಕಟ್ಟುವ ಯಂತ್ರ, ಲಾಗ್ ಜಾಲಾಡುವ ಕಮಾಂಡ್, ಇವೆಲ್ಲ ಆ ಮೂರನೆಯವರು. ಅವರಿಗೆ ಕನ್ನಡವೂ ಬಾರದು, ಇಂಗ್ಲಿಷೂ ಬಾರದು. ಅಕ್ಷರ ಹೋಲಿಸುವುದೊಂದು ಗೊತ್ತು.

ಮೊದಲು ಬಲಿಯಾಗುವುದು ಹುಡುಕಾಟ. ಒಂದೇ ಪಾಸ್‌ವರ್ಡ್ ತೊಂದರೆಗೆ ಮೂರು ಟಿಕೆಟ್ ಹುಟ್ಟಿಕೊಂಡಿದ್ದರೆ ಬರೆದವರು ಸೋಮಾರಿಗಳು ಎಂದುಕೊಳ್ಳಬೇಡಿ. ಹುಡುಕಿಯೇ ಬರೆದಿರುತ್ತಾರೆ, ಸಿಕ್ಕಿರುವುದಿಲ್ಲ. ಒಬ್ಬರು `password` ಎಂದು ಬರೆದಿದ್ದರು, ಇನ್ನೊಬ್ಬರು ‘ಪಾಸ್ವರ್ಡ್’ ಎಂದು ಸ-ಕಾರಕ್ಕೆ ವ-ಒತ್ತು ಕೊಟ್ಟಿದ್ದರು, ಮತ್ತೊಬ್ಬರು ‘ಪಾಸ್‌ವರ್ಡ್’ ಎಂದು ಒತ್ತಿಲ್ಲದೆ ಬಿಡಿಸಿ ಬರೆದಿದ್ದರು. ಬಿಡಿಸಿ ಬರೆದದ್ದರಲ್ಲಿ `ಸ್` ಮತ್ತು `ವ` ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕುಳಿತಿರುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ `U+200C`. ಅಗಲ ಸೊನ್ನೆ, ಕೆಲಸ ಒಂದೇ: ಎರಡು ವ್ಯಂಜನ ಒತ್ತಾಗಿ ಸೇರದಂತೆ ನಡುವೆ ನಿಲ್ಲುವುದು. ಅನುಮಾನವಿದ್ದರೆ ಪೈಥಾನ್‌ನಲ್ಲಿ ಕೇಳಿ ನೋಡಬಹುದು:

```python
"ಪಾಸ್\u200cವರ್ಡ್" == "ಪಾಸ್ವರ್ಡ್"   # False
len("ಪಾಸ್\u200cವರ್ಡ್")             # 10
len("ಪಾಸ್ವರ್ಡ್")                   # 9
```

ಅಕ್ಷರಕ್ಕೆ ಅಕ್ಷರ ಹೋಲಿಸುವ ಹುಡುಕಾಟಕ್ಕೆ ಇವೆರಡೂ ಬೇರೆ ಬೇರೆ ಪದಗಳೇ. ‘ಸಾಫ್ಟ್‌ವೇರ್’, ‘ಇನ್‌ವಾಯ್ಸ್’ ಇವುಗಳ ಕಥೆಯೂ ಇದೇ. ‘ಲಾಗಿನ್’, ‘ಲಾಗ್ ಇನ್’, ‘ಲಾಗ್‌ಇನ್’ ಎಂಬ ತ್ರಿವಳಿಗಳನ್ನಂತೂ ಕೇಳಲೇಬೇಡಿ. ಕೀಲಿಮಣೆ ಬದಲಿಸಲು ಬೇಜಾರಾಗಿ `agtilla`, `aagthilla`, `agta illa` ಎಂದು ಬರೆಯುವವರು ಸೇರಿಕೊಂಡರೆ ಹುಡುಕಾಟ ಕೈಮುಗಿದು ಕುಳಿತುಕೊಳ್ಳುತ್ತದೆ.

ಎಲ್ಲರಿಗೂ ಒಂದೇ ಕಾಗುಣಿತ ಕಲಿಸಲು ಹೊರಟವರು ಗೆದ್ದದ್ದಿಲ್ಲ. ಅದಕ್ಕಿಂತ ಸುಲಭದ ದಾರಿ ಇದೆ. ಶೀರ್ಷಿಕೆಯ ಮೊದಲ ಎರಡು ಮೂರು ಪದ, ಅಂದರೆ ಯಾವ ಭಾಗ ಕೆಟ್ಟಿದೆ ಎಂಬುದು, ಪರದೆಯಲ್ಲಿ ಅಥವಾ ಕೋಡ್‌ನಲ್ಲಿ ಇರುವ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿರಲಿ. ಏನು ಕೆಟ್ಟಿದೆ ಎಂಬುದನ್ನು ಆಮೇಲೆ ಕನ್ನಡದಲ್ಲಿ ಹೇಳಿ. ಲೇಬಲ್‌ಗಳನ್ನು ಯಾರೂ ಕೈಯಾರೆ ಟೈಪ್ ಮಾಡದೆ ಪಟ್ಟಿಯಿಂದಲೇ ಆರಿಸಲಿ.

ಎರಡನೇ ಅನಾಹುತ ವಿಭಕ್ತಿಯದ್ದು. ಕನ್ನಡದವರು ಎಷ್ಟೇ ಇಂಗ್ಲಿಷ್ ಬರೆದರೂ ಪದದ ಬಾಲಕ್ಕೊಂದು ಪ್ರತ್ಯಯ ಅಂಟಿಸದೆ ಬಿಡುವವರಲ್ಲ. ಬಾಲ ಅಂಟಿದ ವಿಳಾಸ ಹೀಗಿರುತ್ತದೆ:

```
https://example.com/resetನಲ್ಲಿ ಖಾಲಿ ಪುಟ ಬರುತ್ತಿದೆ
```

ತಾನಾಗಿ ಲಿಂಕ್ ಕಟ್ಟುವ ಎಷ್ಟೋ ಯಂತ್ರಗಳು ಜಾಗ ಸಿಗುವವರೆಗೂ ಬಂದದ್ದನ್ನೆಲ್ಲ ವಿಳಾಸಕ್ಕೇ ಸೇರಿಸುತ್ತವೆ. ‘ನಲ್ಲಿ’ಯೂ ಲಿಂಕ್‌ನ ಒಳಗೆ ಹೋಗುತ್ತದೆ. ರಿವ್ಯೂ ಮಾಡುವವರು ಒತ್ತಿದರೆ ವಿಳಾಸದ ತುದಿಯಲ್ಲಿ `%E0%B2%A8` ಎಂದು ಶುರುವಾಗುವ ಶೇಕಡಾ ಚಿಹ್ನೆಗಳ ಮೆರವಣಿಗೆ, ಪುಟದಲ್ಲಿ 404. ಆಮೇಲೆ ಅವರು ಮುಗ್ಧವಾಗಿ ಬರೆಯುತ್ತಾರೆ: “ನನಗೆ ಖಾಲಿ ಪುಟ ಬರಲಿಲ್ಲ, 404 ಬಂತು.” ಈಗ ಟಿಕೆಟ್‌ನಲ್ಲಿ ಎರಡು ದೋಷಗಳಿವೆ, ಅದರಲ್ಲೊಂದು ಸಪ್ತಮೀ ವಿಭಕ್ತಿ. ಮೆರವಣಿಗೆಯ ಮೊದಲ ಮೂರು ಬೈಟ್ ‘ನ’ ಎಂದು ಗುರುತಿಸಿದವರಿಗೆ ಕಾರಣ ಕೂಡಲೇ ತಿಳಿಯುತ್ತದೆ. ಮಾಡಬೇಕಾದದ್ದು ಇಷ್ಟೇ: ವಿಳಾಸವನ್ನು ಅದರದ್ದೇ ಸಾಲಿನಲ್ಲಿ ಬಿಡಿ. ಆಗದಿದ್ದರೆ `<` ಮತ್ತು `>` ನಡುವೆ ಇಟ್ಟು, ವಿಭಕ್ತಿಯನ್ನು ಹೊರಗೆ ನಿಲ್ಲಿಸಿ.

ಕೋಡ್‌ನ ಹೆಸರುಗಳಿಗೆ ಬಹುವಚನ ಅಂಟಿದರೆ ಇನ್ನೂ ಮಜಾ. “orderIdಗಳನ್ನು ಕಳಿಸಿದರೆ ತಪ್ಪು ಬರುತ್ತದೆ” ಎಂದರೆ ಹೆಸರು `orderId` ಎಂದೇ ಇದ್ದು ಹಲವು ಸಲ ಕಳಿಸಿದ್ದೋ, ಅಥವಾ `orderIds` ಎಂಬ ಬೇರೆಯದೇ ಹೆಸರನ್ನು ಬರೆಯುವವರು ಕನ್ನಡಕ್ಕೆ ಬಗ್ಗಿಸಿದ್ದೋ? ಕೋಡ್‌ನಲ್ಲಿ ಎರಡೂ ಇದ್ದರೆ ಅರ್ಧ ದಿನ ಹೋಯಿತು. ಹೆಸರನ್ನು ಬ್ಯಾಕ್‌ಟಿಕ್ ಒಳಗೆ ಇದ್ದ ಹಾಗೇ ಇಟ್ಟು, ‘ಗಳನ್ನು’ ಹೊರಗೆ ಬರೆದರೆ ಎಲ್ಲಿಗೆ ಹೆಸರು ಮುಗಿಯಿತು ಎಂಬುದು ಕಾಣುತ್ತದೆ. ನಕಲು ಮಾಡುವವರ ಕೈಗೆ ಬಾಲವೂ ಬರುವುದಿಲ್ಲ.

ಅಂಕಿಗಳ ವಿಷಯ ಚಿಕ್ಕದು. `#142` ಎಂದರೆ ಇನ್ನೊಂದು ಟಿಕೆಟ್‌ಗೆ ಲಿಂಕ್. `#೧೪೨` ಎಂದರೆ ಬರೀ ಅಲಂಕಾರ. ಪೈಥಾನ್‌ನ `int("೧೪೨")` ದೊಡ್ಡ ಮನಸ್ಸು ಮಾಡಿ 142 ಕೊಡುತ್ತದೆ, ಜಾವಾಸ್ಕ್ರಿಪ್ಟ್‌ನ `parseInt("೧೪೨")` ಮುಖ ತಿರುಗಿಸಿ `NaN` ಎನ್ನುತ್ತದೆ. ಕನ್ನಡ ಅಂಕಿ ತುಂಬಿದ ಫಾರ್ಮ್ ಬಗ್ಗೆಯೇ ಟಿಕೆಟ್ ಆಗಿದ್ದರೆ ಮಾತ್ರ ಅವನ್ನು ಹಾಗೇ ಇಡಿ, ಆಗ ಅದೇ ಸಾಕ್ಷಿ.

ಈಗ ಆ ‘ಆಗ್ತಿಲ್ಲ, ಅರ್ಜೆಂಟ್’ ಟಿಕೆಟ್ಟನ್ನೇ ಸರಿಮಾಡೋಣ. ‘ಆಗ್ತಿಲ್ಲ’ ಎಂಬುದರಲ್ಲಿ ಮೇಲ್ ಬರಲಿಲ್ಲವೋ, ಲಿಂಕ್ ತೆರೆಯಲಿಲ್ಲವೋ, ಹೊಸ ಪಾಸ್‌ವರ್ಡ್ ಉಳಿಯಲಿಲ್ಲವೋ ಎಂಬ ಮೂರೂ ಅಡಗಿವೆ. ಬರೆದವರನ್ನು ಕೂರಿಸಿಕೊಂಡು ಕೇಳಿದರೆ ಹೊರಬರುವುದು ಇಷ್ಟು:

```
Password reset: ಅವಧಿ ಮುಗಿದ ಲಿಂಕ್ ತೆರೆದರೆ ಖಾಲಿ ಪುಟ (500)

ಹಂತಗಳು:
1. "Forgot password?" ಒತ್ತಿ, ಮೇಲ್ ಬರುವವರೆಗೆ ಕಾಯಿರಿ.
2. 15 ನಿಮಿಷ ಕಳೆದ ಮೇಲೆ ಮೇಲ್‌ನ ಲಿಂಕ್ ತೆರೆಯಿರಿ.
ಬರಬೇಕಾದದ್ದು: "Link expired" ಪುಟ.
ಬಂದದ್ದು: ಖಾಲಿ ಪುಟ, HTTP 500.
ಲಾಗ್: TokenExpiredError: jwt expired
```

ಹಂತಗಳು ಕನ್ನಡದಲ್ಲಿವೆ, ಏಕೆಂದರೆ ಯಾವಾಗ, ಯಾವುದಾದ ಮೇಲೆ ಯಾವುದು ಎಂಬುದನ್ನು ಬರೆಯುವವರು ಅದರಲ್ಲೇ ತಪ್ಪಿಲ್ಲದೆ ಹೇಳಬಲ್ಲರು. ಬಟನ್‌ನ ಹೆಸರು ಪ್ರಶ್ನಾರ್ಥಕ ಚಿಹ್ನೆಯ ಸಮೇತ ಪರದೆಯಲ್ಲಿದ್ದಂತೆಯೇ ಇದೆ. ಲಾಗ್ ಸಾಲನ್ನು ಯಾರೂ ಮುಟ್ಟಿಲ್ಲ. ಅದನ್ನು ‘ಟೋಕನ್ ಅವಧಿ ಮುಗಿದಿದೆ ಅಂತ ಏನೋ ಬಂತು’ ಎಂದು ಕನ್ನಡಿಸಿದ್ದರೆ ಕೋಡ್‌ನಲ್ಲಿ ಹುಡುಕಲು ಏನೂ ಉಳಿಯುತ್ತಿರಲಿಲ್ಲ. ‘ಅರ್ಜೆಂಟ್’ ಎಂಬುದು ಆದ್ಯತೆಯ ಕಲಂಗೆ ಹೋಯಿತು, ಅಲ್ಲಿ ಅದಕ್ಕೆ ಜಾಗ ಮೊದಲೇ ಇತ್ತು.

ಇಷ್ಟೆಲ್ಲ ಆದ ಮೇಲೂ ಮನುಷ್ಯರು ಎಡವುವ ಜಾಗ ಒಂದಿದೆ, ಅದು ರಿವ್ಯೂ ಕಾಮೆಂಟ್. “ಈ ಚೆಕ್ ಇಲ್ಲಿ ಬೇಡ ಅಲ್ವಾ?” ಎಂದು ಒಬ್ಬರು ಕೇಳುತ್ತಾರೆ. ಉತ್ತರ ಬರುತ್ತದೆ: `Yes`. ಕನ್ನಡದಲ್ಲಿ ಯೋಚಿಸಿದವರ ‘ಯೆಸ್’ ಎಂದರೆ ‘ಹೌದು, ಬೇಡ’. ಇಂಗ್ಲಿಷಿನಲ್ಲಿ ಯೋಚಿಸಿದವರದ್ದಾದರೆ ‘ಇಲ್ಲ, ಬೇಕು’ ಎಂದೂ ಆಗಬಹುದು. ಎರಡೂ ಭಾಷೆ ಬಲ್ಲವರ ತಂಡದಲ್ಲಿ ಮಾತ್ರ ಸಾಧ್ಯವಿರುವ ಸೌಭಾಗ್ಯ ಇದು. ಒಂದೇ ಭಾಷೆ ಗೊತ್ತಿದ್ದವರಿಗೆ ಹೀಗೆ ಅನುಮಾನ ಪಡುವ ಅವಕಾಶವೇ ಇಲ್ಲ. ಹಾಗಾಗಿ ‘ಅಲ್ವಾ’ ಬಿಟ್ಟು “42ನೇ ಸಾಲಿನ ಚೆಕ್ ತೆಗೀಲಾ, ಇಡ್ಲಾ?” ಎಂದು ಕೇಳಿ. ಇದಕ್ಕೂ `Yes` ಎಂದೇ ಉತ್ತರ ಬಂದರೆ ಅವರ ಮೇಜಿನ ಹತ್ತಿರ ಎದ್ದು ಹೋಗುವುದು ಒಳ್ಳೆಯದು.