ಡಬ್ಲಿನ್‌ನಲ್ಲಿ ಕೂತು ನೋಡಿದರೆ ಜಿಡಿಪಿ

2016ರ ಜುಲೈನಲ್ಲಿ ಐರ್ಲೆಂಡಿನ ಅಂಕಿಅಂಶ ಕಚೇರಿ ಒಂದು ಲೆಕ್ಕ ಹೊರಹಾಕಿತು. ಹಿಂದಿನ ವರ್ಷ ದೇಶದ ಜಿಡಿಪಿ 26.3 ಪರ್ಸೆಂಟ್ ಬೆಳೆದಿದೆ ಅಂತ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ಇದನ್ನು ಲೆಪ್ರಕಾನ್ ಲೆಕ್ಕ ಎಂದು ಗೇಲಿ ಮಾಡಿದರು. ಲೆಪ್ರಕಾನ್ ಅಂದರೆ ಇಲ್ಲಿನ ಜನಪದ ಕತೆಗಳಲ್ಲಿ ಬಂಗಾರ ಬಚ್ಚಿಡುವ ಕುಳ್ಳ.

ನಿಜಕ್ಕೂ ಆಗಿದ್ದೇನು? ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ತೆರಿಗೆ ಉಳಿಸಲು ತಮ್ಮ ಪೇಟೆಂಟ್, ಸಾಫ್ಟ್‌ವೇರ್ ಹಕ್ಕುಗಳನ್ನು ಐರಿಶ್ ಶಾಖೆಯ ಹೆಸರಿಗೆ ಬರೆದವು. ಆಮೇಲೆ ಬೇರೆಲ್ಲೋ ತಯಾರಾಗಿ ಬೇರೆಲ್ಲೋ ಮಾರಾಟವಾದ ಮಾಲಿನ ಗಳಿಕೆಯೂ ಐರ್ಲೆಂಡಿನ ಉತ್ಪಾದನೆ ಆಯಿತು. ಹೊಸ ಕಾರ್ಖಾನೆ ಬೇಕಾಗಲೇ ಇಲ್ಲ.

ಹೊರಗೆ ಹೋಗುವ ಲಾಭವನ್ನು ಕಳೆದುಬಿಟ್ಟರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಆ ಹಕ್ಕುಗಳ ಬೆಲೆ ಕರಗುತ್ತಾ ಹೋಗುತ್ತದೆಂದು ಪ್ರತಿ ವರ್ಷ ಸವಕಳಿ ಹಾಕುತ್ತಾರೆ. ಸವಕಳಿಗೆಂದು ತೆಗೆದಿಟ್ಟ ದುಡ್ಡು ಲಾಭದ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಜಿಡಿಪಿಯಲ್ಲಿ ಹಾಗೇ ಉಳಿಯುತ್ತದೆ. ಐರಿಶ್ ಕಂಪನಿಗಳ ಹೆಸರಲ್ಲಿದ್ದೂ ಡಬ್ಲಿನ್ ಕಡೆ ತಲೆಯನ್ನೂ ಹಾಕದ ಬಾಡಿಗೆ ವಿಮಾನಗಳದ್ದೂ ಇದೇ ಕತೆ. ಅದಕ್ಕೇ 2017ರಲ್ಲಿ ಇವನ್ನೆಲ್ಲ ಕಳೆದು ಜಿಎನ್‌ಐ ಸ್ಟಾರ್ ಎಂಬ, ರಾಷ್ಟ್ರೀಯ ಆದಾಯದ ಹೊಸ ಲೆಕ್ಕ ಶುರು ಮಾಡಿದರು. ಈಚಿನ ವರ್ಷಗಳಲ್ಲಿ ಅದು ಜಿಡಿಪಿಯ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಐರಿಶ್ ಜನರ ತಲಾ ಜಿಡಿಪಿ ನೋಡಿ ಹೊಟ್ಟೆ ಉರಿದುಕೊಳ್ಳುವವರು ಇದನ್ನೂ ನೋಡಬೇಕು.

ತನ್ನ ಸಂಖ್ಯೆ ಚಿಕ್ಕದಾದರೂ ಸರಿ, ನಿಜ ಹೇಳೋಣ ಅಂದ ಈ ದೇಶದ ರೀತಿ ನನಗೆ ಹಿಡಿಸಿತು. ಆದರೆ ಈ ಹೊಸ ಲೆಕ್ಕಕ್ಕೂ ಕಾಣದ್ದೊಂದಿದೆ. ಇಲ್ಲಿ ಮಗುವನ್ನು ಡೇಕೇರ್‌ಗೆ ಬಿಟ್ಟರೆ ಆ ಫೀಸು ಜಿಡಿಪಿಗೆ ಸೇರುತ್ತದೆ. ಹಾಸನದಿಂದ ಅಜ್ಜಿ ಮೂರು ತಿಂಗಳ ವೀಸಾದಲ್ಲಿ ಬಂದು ಅದೇ ಮಗುವನ್ನು ನೋಡಿಕೊಂಡರೆ ಏನೂ ಸೇರುವುದಿಲ್ಲ. ಊರಲ್ಲಿ ಇನ್ನೂ ವಿಚಿತ್ರ. ಮನೆಗೆಂದು ಬೆಳೆದ ರಾಗಿ ಜಿಡಿಪಿಗೆ ಬರುತ್ತದೆ, ಅದೇ ರಾಗಿಯ ಮುದ್ದೆ ತಿರುವಿದ ದುಡಿಮೆ ಬರುವುದಿಲ್ಲ. ಜಗತ್ತೆಲ್ಲ ಒಪ್ಪಿದ ನಿಯಮವೇ ಹಾಗಿದೆ: ಮನೆಬಳಕೆಗೆ ಬೆಳೆದ ವಸ್ತು ಲೆಕ್ಕಕ್ಕೆ, ಮನೆಯವರಿಗೆ ಮಾಡಿದ ಚಾಕರಿ ಲೆಕ್ಕದಾಚೆ.

ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರು 97. ಐರ್ಲೆಂಡಿನವರು ಜಿಡಿಪಿಯ ಪಕ್ಕ ಇನ್ನೊಂದು ಲೆಕ್ಕ ಇಟ್ಟ ಹಾಗೆ ನಾವೂ ಇದನ್ನು ಇಡಬಹುದು. ತಕರಾರು ಇರುವುದು ಗಂಟೆಗೆ ಎಷ್ಟು ಬೆಲೆ ಕಟ್ಟಬೇಕು ಅನ್ನುವುದರಲ್ಲಿ. ಅಡುಗೆಯವರಿಗೆ ಕೊಡುವ ಕೂಲಿಯೋ, ಆಕೆ ಹೊರಗೆ ದುಡಿದಿದ್ದರೆ ಸಿಗುತ್ತಿದ್ದ ಸಂಬಳವೋ? ನನ್ನ ಮತ ಮೊದಲನೆಯದಕ್ಕೆ. ಎರಡನೆಯದನ್ನು ಹಿಡಿದರೆ ಇಂಜಿನಿಯರಮ್ಮ ಮಾಡಿದ ಸಾರಿಗೆ ಕೂಲಿಯಾಕೆ ಮಾಡಿದ ಸಾರಿಗಿಂತ ಸುಮ್ನೆ ಬೆಲೆ ಜಾಸ್ತಿಯಾಗಿಬಿಡುತ್ತದೆ.