ಎಐ ಏಜೆಂಟ್ ದುಡ್ಡು ಕಳಿಸುವ ಮುನ್ನ ಪ್ರತಿ ಸಲ ನಮ್ಮನ್ನು ಕೇಳಬೇಕಾ?

ಪರ: ಕೇಳಲೇಬೇಕು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕದ ಮೇಜನ್ನು ನೆನೆಸಿಕೊಳ್ಳಿ. ರಟ್ಟಿನ ಡಬ್ಬ ಕೊಡುವವರು, ಲಾರಿಯವರು, ಬೋಲ್ಟು ನಟ್ಟಿನವರು, ಎಲ್ಲರ ಬಿಲ್ಲೂ ಒಂದೇ ಮೇಲ್‌ಗೆ ಬರುತ್ತದೆ. ಈಗ ಅವನ್ನು ಓದುವುದು ಎಐ ಏಜೆಂಟ್. ಅದು ಪಿಡಿಎಫ್ ತೆರೆಯುತ್ತದೆ, ಆರ್ಡರ್ ಜೊತೆ ಮೊತ್ತ ತಾಳೆ ನೋಡುತ್ತದೆ, ಉತ್ತರ ಬರೆಯುತ್ತದೆ, ಬ್ಯಾಂಕಿಗೆ ಪೇಮೆಂಟ್ ತಯಾರು ಮಾಡುತ್ತದೆ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಕಳಿಸುವ ಕೊನೆಯ ಹೆಜ್ಜೆಯನ್ನು ಮಾತ್ರ ಒಬ್ಬ ಮನುಷ್ಯ ನೋಡಿ ಒಪ್ಪಬೇಕು.

ಇದಕ್ಕೆ ಕಾರಣ ಏಜೆಂಟ್ ಓದುವ ರೀತಿಯಲ್ಲೇ ಇದೆ. ನಾವು ಕೊಟ್ಟ ಕೆಲಸ, ಹೊರಗಿನವರು ಕಳಿಸಿದ ಬಿಲ್ಲು, ಎರಡೂ ಅದಕ್ಕೆ ಅಕ್ಷರಗಳೇ. ಬಿಲ್ಲಿನ ತಳದಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಯಾರೋ ಹೀಗೆ ಬರೆದಿದ್ದಾರೆ ಅಂದುಕೊಳ್ಳಿ: "ನಮ್ಮ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ." ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಪಿಡಿಎಫ್‌ನಿಂದ ಅಕ್ಷರ ಹೆಕ್ಕಿ ಓದುವ ಏಜೆಂಟಿಗೆ ಕಾಣುತ್ತದೆ. ಅದನ್ನು ನಮ್ಮದೇ ಮಾತೆಂದು ಅದು ಪಾಲಿಸಿಬಿಡಬಹುದು. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ. ಇದನ್ನು ಪೂರ್ತಿ ತಡೆಯುವ ದಾರಿ ಇನ್ನೂ ಸಿಕ್ಕಿಲ್ಲ.

ಬ್ಯಾಂಕ್ ಹಿಡಿಯುತ್ತದೆ ಅಲ್ವಾ ಅಂತ ಕೇಳಬಹುದು. ನೆಫ್ಟ್‌ನಲ್ಲಿ ಹಣ ಹೋಗುವುದು ಖಾತೆ ನಂಬರಿನ ಮೇಲೆ, ಹೆಸರಿನ ಮೇಲಲ್ಲ. ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯ ಕೊಡಿ ಎಂದು ಆರ್‌ಬಿಐ ಹೇಳಿದ ಮೇಲೆ, ಅದಕ್ಕೆ ಬ್ಯಾಂಕುಗಳಿಗಿದ್ದ ಗಡುವೇ 2025ರ ಏಪ್ರಿಲ್ 1. ಆ ಹೆಸರು ತೋರಿಸಿದರೂ ಅದನ್ನು ಓದಿ "ಇದು ನಮ್ಮ ಡಬ್ಬದವರಲ್ಲ" ಎನ್ನಲು ಒಬ್ಬರು ಬೇಕಲ್ಲ. ಒಮ್ಮೆ ಹೋದ ದುಡ್ಡಿಗೆ ಉಳಿಯುವುದು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅದು ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಹಿಡಿಯುವ ಓಟ.

ಒಪ್ಪಿಗೆ ಕೇಳುವ ಪರದೆಯಲ್ಲಿ ಏನಿರಬೇಕು ಅನ್ನುವುದು ಇಲ್ಲಿ ಮುಖ್ಯ. "ಡಬ್ಬದ ಬಿಲ್ಲು ಪಾವತಿಸಲೇ?" ಅನ್ನುವ ಏಜೆಂಟಿನ ಸಾರಾಂಶ ಸಾಲದು. ಮೋಸ ಹೋದದ್ದು ಅದೇ ಆಗಿದ್ದರೆ ಸಾರಾಂಶವೂ ಮೋಸವೇ. ಬ್ಯಾಂಕಿಗೆ ಹೋಗಲಿರುವ ಆದೇಶದಿಂದ ಬೇರೊಂದು ಸಾಫ್ಟ್‌ವೇರ್ ನೇರವಾಗಿ ತೆಗೆದು ತೋರಿಸಬೇಕು:

```
ಮೊತ್ತ: ₹1,84,500
ಖಾತೆಯ ಕೊನೆ: 4471
ಹಿಂದೆ ಕಟ್ಟಿದ ಖಾತೆಯ ಕೊನೆ: 2093
ಈ ಖಾತೆಗೆ ಇದೇ ಮೊದಲ ಪಾವತಿ
```

ಕೊನೆಯ ಎರಡು ಸಾಲು ನೋಡಿದ ಯಾರಿಗೇ ಆಗಲಿ ಕೈ ನಿಲ್ಲುತ್ತದೆ. ಆಗ ಬಿಲ್ಲಿನ ಮೇಲಿರುವ ನಂಬರಿಗಲ್ಲ, ನಮ್ಮ ಹಳೆಯ ಡೈರಿಯಲ್ಲಿರುವ ನಂಬರಿಗೆ ಫೋನ್ ಮಾಡಬೇಕು. "ಅಣ್ಣ, ಖಾತೆ ಬದಲಾಯಿಸಿದ್ರಾ?" ಅಂತ ಕೇಳಿದರೆ ಅರ್ಧ ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ.

ಒಪ್ಪಿಗೆ ಕೊಟ್ಟಿದ್ದು ಆ ಮೊತ್ತಕ್ಕೆ, ಆ ಖಾತೆಗೆ ಮಾತ್ರ ಅಂಟಿಕೊಂಡಿರಬೇಕು. ಯುರೋಪಿನಲ್ಲಿ 2019ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಪಾವತಿಗೆ ಇದೇ ನಿಯಮವಿದೆ: ಮೊತ್ತ ಬದಲಾದರೂ, ಪಡೆಯುವವರು ಬದಲಾದರೂ ಹಳೆಯ ಒಪ್ಪಿಗೆ ರದ್ದು. ಮೇಲ್‌ಗೂ ಹೀಗೆಯೇ. ಯಾರಿಗೆ ಹೋಗುತ್ತಿದೆ, ಯಾವ ಫೈಲ್ ಅಂಟಿದೆ ಎಂಬುದು ಕಳಿಸುವ ಮೊದಲೇ ಕಾಣಬೇಕು. ಒಬ್ಬ ಗಿರಾಕಿಯ ದರಪಟ್ಟಿ ಇನ್ನೊಬ್ಬರ ಕೈಸೇರಿದ ಮೇಲೆ ವಾಪಸ್ ತರಲು ಆಗುವುದಿಲ್ಲ.

ವಿರೋಧ: ಪ್ರತಿ ಸಲ ಕೇಳಿದರೆ ಯಾರೂ ಓದುವುದಿಲ್ಲ

ಒಪ್ಪಿಗೆಯ ಮೇಲೆ ಇಷ್ಟು ಭರವಸೆ ಇಡುವವರು 2020ರ ಆಗಸ್ಟ್ 11ರಂದು ಸಿಟಿಬ್ಯಾಂಕಿನಲ್ಲಿ ನಡೆದದ್ದನ್ನು ಒಮ್ಮೆ ನೋಡಬೇಕು. ರೆವ್ಲಾನ್ ಕಂಪನಿಯ ಪರವಾಗಿ ಸಾಲ ಕೊಟ್ಟವರಿಗೆ ಬ್ಯಾಂಕ್ ಕಟ್ಟಬೇಕಿದ್ದದ್ದು ಸುಮಾರು 78 ಲಕ್ಷ ಡಾಲರ್ ಬಡ್ಡಿ. ಹೋದದ್ದು ಸುಮಾರು 90 ಕೋಟಿ ಡಾಲರ್, ಅಸಲೂ ಸೇರಿ. ಅಲ್ಲಿ ಏಜೆಂಟೂ ಇರಲಿಲ್ಲ, ಎಐ ಕೂಡ ಇರಲಿಲ್ಲ. ಇದ್ದದ್ದು ಮೂವರ ಒಪ್ಪಿಗೆ. ಒಬ್ಬರು ನಮೂದಿಸಿದರು, ಇನ್ನೊಬ್ಬರು ಪರಿಶೀಲಿಸಿದರು, ಇಬ್ಬರೂ ಭಾರತದಲ್ಲಿ. ಮೂರನೆಯವರು ಅಮೆರಿಕದಲ್ಲಿ ಕೂತು ಒಪ್ಪಿದರು. ಅಸಲು ಬ್ಯಾಂಕಿನೊಳಗೇ ಉಳಿಯಬೇಕಾದರೆ ಪರದೆಯಲ್ಲಿ ಮೂರು ಕಡೆ ಗುರುತು ಹಾಕಬೇಕಿತ್ತು. ಹಾಕಿದ್ದು ಒಂದೇ ಕಡೆ. ಮೂವರಿಗೂ ಅದು ಸರಿ ಅನ್ನಿಸಿತು.

ಸಾಫ್ಟ್‌ವೇರ್ ಎಚ್ಚರಿಕೆಯನ್ನೂ ಕೊಟ್ಟಿತ್ತು. ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಯಬೇಕೇ ಎಂದು ಕೇಳಿತ್ತು. ಆದರೆ ಎಷ್ಟು ಹೋಗುತ್ತದೆ ಎಂದು ಹೇಳಲಿಲ್ಲ. ಬಡ್ಡಿ ಹೊರಗೆ ಹೋಗಲೇಬೇಕಿತ್ತು, ಹಾಗಾಗಿ ಎಚ್ಚರಿಕೆ ಅವರಿಗೆ ಮಾಮೂಲಿನದಾಗಿ ಕಂಡಿತು. ತಪ್ಪು ಗೊತ್ತಾದದ್ದು ಮರುದಿನ. ಸುಮಾರು 50 ಕೋಟಿ ಡಾಲರ್ ವಾಪಸ್ ಕೊಡಲು ಸಾಲ ಕೊಟ್ಟವರು ಒಪ್ಪದೆ, ಅಪೀಲು ಕೋರ್ಟಿನಲ್ಲಿ ಬ್ಯಾಂಕ್ ಪರ ತೀರ್ಪು ಬರುವಷ್ಟರಲ್ಲಿ 2022ರ ಸೆಪ್ಟೆಂಬರ್ ಆಗಿತ್ತು.

ಈಗ ಪೀಣ್ಯದ ಮೇಜಿಗೆ ಬರೋಣ. ದಿನಕ್ಕೆ 60 ಸಲ ಒಪ್ಪಿಗೆ ಕೇಳುವ ಪರದೆ ಬರುತ್ತದೆ ಅನ್ನಿ. ಅದರಲ್ಲಿ 59 ಸರಿಯಾಗಿಯೇ ಇರುತ್ತವೆ. ಮೊದಲ ವಾರ ಎಲ್ಲವನ್ನೂ ಓದುತ್ತಾರೆ. ಮೂರನೇ ವಾರಕ್ಕೆ ಬೆರಳಿಗೆ ಗುಂಡಿಯ ಜಾಗ ಕಣ್ಣು ನೋಡದೆಯೇ ಗೊತ್ತು. ಇದನ್ನು ಆ ಮೇಜಿನಲ್ಲಿ ಕೂತವರ ಆಲಸ್ಯ ಅನ್ನುವುದು ಅನ್ಯಾಯ. ಸದಾ ಸರಿಯಾಗಿರುವುದನ್ನು ಸದಾ ಅನುಮಾನದಿಂದ ನೋಡಲು ಯಾರಿಂದಲೂ ಆಗುವುದಿಲ್ಲ. ಆದರೆ ದುಡ್ಡು ತಪ್ಪಿ ಹೋದ ದಿನ "ನೀನೇ ಒತ್ತಿದ್ದಲ್ಲವಾ?" ಎಂದು ಕೇಳುವುದು ಅವರನ್ನೇ. ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿ.

ಒಪ್ಪಿಗೆ ಬರೀ ಶಾಸ್ತ್ರವಾಗಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಪರದೆ ಬಂದು ಗುಂಡಿ ಒತ್ತುವವರೆಗಿನ ಸಮಯವನ್ನು ದಾಖಲೆಯಲ್ಲಿ ನೋಡಿ. ಎರಡು ಸೆಕೆಂಡಿಗೆ ಇಳಿದಿದ್ದರೆ ಯಾರೂ ಓದುತ್ತಿಲ್ಲ. ಮೂರು ತಿಂಗಳಲ್ಲಿ ಒಂದೂ "ಬೇಡ" ಇಲ್ಲದಿದ್ದರೂ ಅನುಮಾನ ಪಡಬೇಕು.

ಹಾಗಾದರೆ ಏನು ಮಾಡಬೇಕು? ನಮ್ಮಲ್ಲೇ ಒಂದು ಮಾದರಿ ಇದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನೇ ಕಡಿತವಾಗುವ ಪಾವತಿಗೆ ಆರ್‌ಬಿಐ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. ನೋಂದಾಯಿಸುವಾಗ ಒಮ್ಮೆ ಗಟ್ಟಿಯಾದ ಒಪ್ಪಿಗೆ ಬೇಕು. ಆಮೇಲೆ 15,000 ರೂಪಾಯಿವರೆಗೆ ತಾನೇ ಹೋಗುತ್ತದೆ, 24 ಗಂಟೆ ಮುಂಚೆ ಸಂದೇಶ ಬರುತ್ತದೆ, ಬೇಡವಾದರೆ ನಿಲ್ಲಿಸಬಹುದು.

ಏಜೆಂಟಿಗೂ ಹೀಗೆಯೇ ಬೇಲಿ ಹಾಕಬೇಕು. ಮೊದಲೇ ಒಪ್ಪಿದ ಖಾತೆಗಳ ಪಟ್ಟಿ ಇರಲಿ, ಆ ಪಟ್ಟಿಯನ್ನು ತಿದ್ದುವ ಅಧಿಕಾರ ಏಜೆಂಟಿಗೆ ಇರದೇ ಇರಲಿ. ಆಗ ಬಿಳಿ ಅಕ್ಷರದ ಮಾತನ್ನು ಅದು ನಂಬಿದರೂ ಹಣ 4471ಕ್ಕೆ ಹೋಗಲು ದಾರಿಯೇ ಇಲ್ಲ. ಮಿತಿ ಒಂದೊಂದು ಪಾವತಿಗೆ ಮಾತ್ರ ಇದ್ದರೆ ಸಾಲದು, ಇಡೀ ದಿನದ ಮೊತ್ತಕ್ಕೂ ಇರಬೇಕು. ಇಲ್ಲದಿದ್ದರೆ 14,900ರ ಹತ್ತು ಪಾವತಿಗಳು ಬೇಲಿಯ ಸಂದಿಯಲ್ಲೇ ನುಸುಳುತ್ತವೆ. ಮೇಲ್ ಆದರೆ, ಪಟ್ಟಿಯಲ್ಲಿರುವವರಿಗೆ ಕೊಡುವ ಸಾದಾ ಉತ್ತರ ಹತ್ತು ನಿಮಿಷ ಔಟ್‌ಬಾಕ್ಸಿನಲ್ಲಿ ಕಾದು ತಾನೇ ಹೋಗಲಿ. ಹೊಸ ವಿಳಾಸ ಅಥವಾ ಅಂಟಿಸಿದ ಫೈಲ್ ಇದ್ದರೆ ಮಾತ್ರ ನಿಲ್ಲಲಿ.

ಈ ಬೇಲಿಗೂ ಮಿತಿ ಇದೆ, ಒಪ್ಪುತ್ತೇನೆ. ಪಟ್ಟಿಯಲ್ಲಿರುವವರೇ ಸುಳ್ಳು ಬಿಲ್ಲು ಕೊಟ್ಟರೆ, ಅದು ಆರ್ಡರಿಗೂ ತಾಳೆಯಾದರೆ, ಮಿತಿಯೊಳಗಿನ ಹಣ ಹೋಗಿಬಿಡುತ್ತದೆ. ಆದರೆ ಅದರ ಗಾತ್ರ ನಾವೇ ಮೊದಲೇ ಹಾಕಿದ ಗಾತ್ರ. ಮತ್ತು ದಿನಕ್ಕೆ 60ರ ಬದಲು ಮೂರೋ ನಾಲ್ಕೋ ಸಲ ಮಾತ್ರ ಪರದೆ ಬಂದರೆ, ಹಳೆಯ ಡೈರಿ ತೆಗೆದು ಆ ಅಣ್ಣನಿಗೆ ಫೋನ್ ಮಾಡಲು ಲೆಕ್ಕದವರಿಗೆ ಪುರುಸೊತ್ತು ಸಿಗುತ್ತದೆ.